ನಾಲ್ಕು ಗೆರೆ, ಒಂದೇ ಮಾತು

ಷೇರು ವಹಿವಾಟಿನ ಯಾವ ಆ್ಯಪ್ ತೆರೆದರೂ ಚಾರ್ಟ್‌ಗೆ ಹೊಸ ಸೂಚಕವೊಂದನ್ನು ಸೇರಿಸುವುದು ಬೆರಳು ತಾಗಿಸಿದಷ್ಟೇ ಸುಲಭ, ದುಡ್ಡೂ ಕೊಡಬೇಕಿಲ್ಲ. ಹಾಗಾಗಿ ಮೇಲೆ ಬೆಲೆಯ ಕ್ಯಾಂಡಲ್‌ಗಳು, ಅದರ ಕೆಳಗೆ ಆರ್‌ಎಸ್‌ಐ, ಅದರ ಕೆಳಗೆ ಸ್ಟೊಕ್ಯಾಸ್ಟಿಕ್, ಮತ್ತೂ ಕೆಳಗೆ ಎಂಎಸಿಡಿ, ಜಾಗ ಉಳಿದರೆ ವಿಲಿಯಮ್ಸ್ ಪರ್ಸೆಂಟ್ ಆರ್ ಎಂಬ ಜೋಡಣೆ ಸರ್ವೇಸಾಮಾನ್ಯವಾಗಿದೆ. ಮೊಬೈಲ್ ಪರದೆಯಲ್ಲಂತೂ ನಿಜವಾದ ಬೆಲೆಗೆ ಉಳಿಯುವುದು ಮೇಲಿನ ಒಂದು ಸಣ್ಣ ಪಟ್ಟಿ ಮಾತ್ರ. ಇದರ ಹಿಂದೆ ಇರುವ ತರ್ಕ ಕೇಳಲು ಸರಿಯಾಗಿಯೇ ಇದೆ: ಒಂದು ಸೂಚಕ ತಪ್ಪಬಹುದು, ಆದರೆ ನಾಲ್ಕೂ ಒಂದೇ ಮಾತು ಹೇಳಿದರೆ ಅದರಲ್ಲಿ ಹುರುಳಿರಲೇಬೇಕು. ಊರಿನಲ್ಲಿ ನಾಲ್ಕು ಜನ ಬೇರೆ ಬೇರೆಯಾಗಿ ಕಂಡು ಹೇಳಿದ ಸುದ್ದಿಯನ್ನು ನಂಬುವುದು ಹೀಗೆಯೇ. ಆದರೆ ನಾಲ್ವರೂ ಅದನ್ನು ಒಬ್ಬನೇ ಮನುಷ್ಯನ ಬಾಯಿಂದ ಕೇಳಿಸಿಕೊಂಡು ಬಂದಿದ್ದರೆ? ಮೊಮೆಂಟಮ್ ಸೂಚಕಗಳ ಸ್ಥಿತಿ ಈ ಎರಡನೆಯ ಬಗೆಯದು. ಅವೆಲ್ಲ ಕಳೆದ ಕೆಲವು ವಾರಗಳ ಅದೇ ಬೆಲೆಗಳನ್ನು ಬೇರೆ ಬೇರೆ ಲೆಕ್ಕದಲ್ಲಿ ಮಡಿಚಿ ತೋರಿಸುತ್ತವೆ. ಅವು ಒಮ್ಮತಕ್ಕೆ ಬಂದರೆ ಅದು ಲೆಕ್ಕದ ಸಹಜ ಪರಿಣಾಮ, ಮಾರುಕಟ್ಟೆಯ ಬಗ್ಗೆ ಸಿಕ್ಕ ಹೊಸ ಸಾಕ್ಷ್ಯವಲ್ಲ. ಪುನರಾವರ್ತನೆಯಿಂದ ಆಗುವ ಹಾನಿ ಪರದೆಯ ಜಾಗ ಹಾಳಾಗುವುದಷ್ಟೇ ಆಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಅದು ಟ್ರೇಡರ್‌ನ ಮನಸ್ಸಿನಲ್ಲಿರುವ ಸಂಭವನೀಯತೆಯ ಲೆಕ್ಕವನ್ನೇ ಕೆಡಿಸುತ್ತದೆ.

ಒಂದು ಕಲ್ಪಿತ ಷೇರನ್ನು ತೆಗೆದುಕೊಂಡು ಲೆಕ್ಕ ಮಾಡಿಯೇ ನೋಡೋಣ. 14 ವಹಿವಾಟು ದಿನಗಳ ಹಿಂದೆ ಅದು 490 ರೂಪಾಯಿಗೆ ಮುಗಿದಿತ್ತು, ಇವತ್ತು 514ಕ್ಕೆ ಮುಗಿದಿದೆ. ಈ ನಡುವೆ ಮುಟ್ಟಿದ ಅತಿ ಎತ್ತರ 520, ಅತಿ ಕೆಳಗಿನ ಬೆಲೆ 480. ಏರಿದ ದಿನಗಳ ಏರಿಕೆಯನ್ನೆಲ್ಲ ಕೂಡಿದರೆ 42 ರೂಪಾಯಿ, ಇಳಿದ ದಿನಗಳ ಇಳಿಕೆಯನ್ನೆಲ್ಲ ಕೂಡಿದರೆ 18. ಮೊದಲು ಜಾರ್ಜ್ ಲೇನ್ ಜನಪ್ರಿಯಗೊಳಿಸಿದ ಸ್ಟೊಕ್ಯಾಸ್ಟಿಕ್. ಇದು ಕೇಳುವ ಪ್ರಶ್ನೆ, ಇವತ್ತಿನ ಬೆಲೆ ಆ ಹದಿನಾಲ್ಕು ದಿನಗಳ ವ್ಯಾಪ್ತಿಯಲ್ಲಿ ತಳದಿಂದ ಎಷ್ಟು ಮೇಲಿದೆ ಎಂಬುದು. ವ್ಯಾಪ್ತಿ 40 ರೂಪಾಯಿ, ತಳದಿಂದ ಮೇಲೇರಿದ್ದು 34, ಅಂದರೆ 85. ಎಂಬತ್ತು ದಾಟಿದ್ದರಿಂದ 'ಓವರ್‌ಬಾಟ್'. ಇನ್ನು ಲ್ಯಾರಿ ವಿಲಿಯಮ್ಸ್ ಅವರ ಪರ್ಸೆಂಟ್ ಆರ್. ಇದು ಅದೇ ವ್ಯಾಪ್ತಿಯಲ್ಲಿ ನೆತ್ತಿಯಿಂದ ಎಷ್ಟು ಕೆಳಗಿದೆ ಎಂದು ಕೇಳುತ್ತದೆ. 520ರಿಂದ 514ಕ್ಕೆ 6 ರೂಪಾಯಿ, 40ರಲ್ಲಿ ಆರು ಅಂದರೆ ಶೇಕಡ 15, ಮುಂದೆ ಮೈನಸ್ ಚಿಹ್ನೆ ಹಾಕಿ −15. ಇದರ ಗಡಿ −20, ಹಾಗಾಗಿ ಇದೂ ಓವರ್‌ಬಾಟ್. ಆದರೆ 85ರಿಂದ 100 ಕಳೆದರೆ ಬರುವುದೇ −15. ಇದು ಈ ಷೇರಿಗೆ ಮಾತ್ರ ಒದಗಿದ ಕಾಕತಾಳೀಯವಲ್ಲ. ಅವಧಿ ಒಂದೇ ಇರುವವರೆಗೆ ಯಾವ ಷೇರಿಗೂ, ಯಾವ ದಿನಕ್ಕೂ ಮೂಲ ಸ್ಟೊಕ್ಯಾಸ್ಟಿಕ್‌ನಿಂದ ನೂರು ಕಳೆದರೆ ವಿಲಿಯಮ್ಸ್ ಸಿಗುತ್ತದೆ. ಎರಡೂ ಗೆರೆಗಳು ಪರದೆಯ ಮೇಲೆ ತುಸು ಭಿನ್ನವಾಗಿ ಕಾಣುವುದಕ್ಕೆ ಕಾರಣ, ಬಹಳಷ್ಟು ಆ್ಯಪ್‌ಗಳು ಸ್ಟೊಕ್ಯಾಸ್ಟಿಕ್ ಅನ್ನು ಮೂರು ದಿನಗಳ ಸರಾಸರಿ ತೆಗೆದು ನಯಗೊಳಿಸಿ ತೋರಿಸುತ್ತವೆ. ನಯಗೊಳಿಸಿದ ಮಾತ್ರಕ್ಕೆ ಹೊಸ ಮಾಹಿತಿ ಹುಟ್ಟುವುದಿಲ್ಲ, ಹಳೆಯದೇ ಒಂದೆರಡು ದಿನ ತಡವಾಗಿ ತಲುಪುತ್ತದೆ.

ಆರ್‌ಎಸ್‌ಐ ಸ್ವಲ್ಪ ದೂರದ ನೆಂಟ. ವೆಲ್ಸ್ ವೈಲ್ಡರ್ 1978ರಲ್ಲಿ ಪ್ರಕಟಿಸಿದ ಈ ಸೂಚಕ ವ್ಯಾಪ್ತಿಯನ್ನು ನೋಡುವುದಿಲ್ಲ. ಒಟ್ಟು ಓಡಾಟದಲ್ಲಿ ಏರಿಕೆಯ ಪಾಲೆಷ್ಟು ಎಂದು ಅಳೆಯುತ್ತದೆ. ನಮ್ಮ ಷೇರು ಏರಿ ಇಳಿದು ಓಡಾಡಿದ್ದು ಒಟ್ಟು 60 ರೂಪಾಯಿ, ಅದರಲ್ಲಿ ಏರಿಕೆ 42, ಅಂದರೆ 70. ವೈಲ್ಡರ್ ಮೊದಲ 14 ದಿನಗಳ ಲೆಕ್ಕವನ್ನು ಹೀಗೆ ಸರಳ ಸರಾಸರಿಯಿಂದಲೇ ಶುರು ಮಾಡುತ್ತಾರೆ, ಆಮೇಲೆ ಹಳೆಯ ದಿನಗಳ ತೂಕ ನಿಧಾನವಾಗಿ ಕರಗುವಂತೆ ನೋಡಿಕೊಳ್ಳುತ್ತಾರೆ. ಎಪ್ಪತ್ತು ಅವರ ಓವರ್‌ಬಾಟ್ ಗಡಿ. ಹಾಗಾಗಿ ಮೂರನೆಯ ಗೆರೆಯೂ ಅದೇ ಮಾತು ಹೇಳಿತು. ಇನ್ನೊಂದು ವಿಷಯ ಗಮನಿಸಿ: 42ರಿಂದ 18 ಕಳೆದರೆ 24, ಇದೇ 490ರಿಂದ 514ಕ್ಕೆ ಇರುವ ಅಂತರ. ಆಗಿರಲೇಬೇಕು, ಏಕೆಂದರೆ ದಿನದಿನದ ಏರಿಳಿತವನ್ನು ಕೂಡಿದರೆ ಬರುವುದು ಒಟ್ಟು ಬದಲಾವಣೆಯೇ. ಆ 24ನ್ನು 490ರಿಂದ ಭಾಗಿಸಿದರೆ ಶೇಕಡ 4.9, ಅದರ ಹೆಸರು ರೇಟ್ ಆಫ್ ಚೇಂಜ್. ಅದೇ 24ನ್ನು ಒಟ್ಟು ಓಡಾಟವಾದ 60ರಿಂದ ಭಾಗಿಸಿದರೆ ಶೇಕಡ 40, ಅದರ ಹೆಸರು ಚಾಂಡೆ ಮೊಮೆಂಟಮ್ ಆಸಿಲೇಟರ್. ಈ 40ಕ್ಕೂ ಆರ್‌ಎಸ್‌ಐಯ 70ಕ್ಕೂ ನಡುವೆ ಇರುವುದು ಶಾಲೆಯ ಬೀಜಗಣಿತ: ಎಪ್ಪತ್ತರ ಎರಡರಷ್ಟರಿಂದ ನೂರು ಕಳೆದರೆ ನಲವತ್ತು. ಸಂಶೋಧಕರ ಹೆಸರು ಬೇರೆ, ಅಳತೆಪಟ್ಟಿ ಬೇರೆ, ಗೆರೆಯ ಬಣ್ಣ ಬೇರೆ. ಒಳಗೆ ಸೇರಿದ ಸಂಖ್ಯೆಗಳು ಮಾತ್ರ ಅವೇ.

ಎಂಎಸಿಡಿ ನೋಡಲು ಪೂರ್ತಿ ಬೇರೆ ಜಾತಿಯದೆಂದು ತೋರುತ್ತದೆ. ಜೆರಾಲ್ಡ್ ಆ್ಯಪೆಲ್ ರೂಪಿಸಿದ ಇದರಲ್ಲಿ ಸೊನ್ನೆಯಿಂದ ನೂರರ ಮಿತಿಯಿಲ್ಲ, ಓವರ್‌ಬಾಟ್ ಎಂಬ ಗಡಿಯೂ ಇಲ್ಲ. 12 ದಿನಗಳ ಘಾತೀಯ ಸರಾಸರಿಯಿಂದ 26 ದಿನಗಳದ್ದನ್ನು ಕಳೆದು ಉಳಿದದ್ದನ್ನು ತೋರಿಸುತ್ತದೆ. ಆದರೆ ಈ ಕಳೆಯುವಿಕೆಯನ್ನು ಬಿಚ್ಚಿ ನೋಡಿದರೆ ಸಿಗುವುದು ಹಿಂದಿನ ದಿನಗಳ ಬೆಲೆ ಬದಲಾವಣೆಗಳ ಮೊತ್ತವೇ, ಒಂದೊಂದು ದಿನಕ್ಕೆ ಒಂದೊಂದು ತೂಕ. ಇವತ್ತಿನ ಬದಲಾವಣೆಗೆ ಸಣ್ಣ ತೂಕ, ಏಳೆಂಟು ವಹಿವಾಟು ದಿನಗಳ ಹಿಂದಿನದಕ್ಕೆ ಅತಿ ಹೆಚ್ಚು, ಅಲ್ಲಿಂದಾಚೆಗೆ ನಿಧಾನವಾಗಿ ಕ್ಷೀಣಿಸುತ್ತಾ ಹೋಗುತ್ತದೆ. ಹದಿನಾಲ್ಕು ದಿನಗಳ ಬದಲಾವಣೆಯ ಲೆಕ್ಕ ಎಲ್ಲ ದಿನಗಳಿಗೂ ಸಮಾನ ತೂಕ ಕೊಟ್ಟು, ಹದಿನೈದನೆಯ ದಿನವನ್ನು ಒಮ್ಮೆಲೇ ಕೈಬಿಡುತ್ತದೆ. ವ್ಯತ್ಯಾಸ ಇರುವುದು ತೂಕ ಹಂಚುವುದರಲ್ಲಿ. ಡೊನಾಲ್ಡ್ ಲ್ಯಾಂಬರ್ಟ್ 1980ರಲ್ಲಿ ಪರಿಚಯಿಸಿದ ಸಿಸಿಐ ಕೂಡ ಬೆಲೆ ತನ್ನ ಸರಾಸರಿಯಿಂದ ಎಷ್ಟು ದೂರ ಹೋಗಿದೆ ಎಂದೇ ಅಳೆಯುತ್ತದೆ. ಅದರ ವಿವರಕ್ಕೆ ಹೋಗಬೇಕಾಗಿಲ್ಲ.

ಈಗ ಹಾನಿಯ ವಿಷಯ. ಒಂದು ಸೂಚಕದ ಸಂಕೇತ ನೂರಕ್ಕೆ 55 ಸಲ ಸರಿಯಾಗುತ್ತದೆ ಎಂದು ಇಟ್ಟುಕೊಳ್ಳೋಣ, ಅದೂ ಉದಾರವಾದ ಊಹೆಯೇ. ನಾಲ್ಕು ಸೂಚಕಗಳು ನಿಜವಾಗಿಯೂ ಒಂದನ್ನೊಂದು ಅವಲಂಬಿಸದೆ ಇದ್ದು, ನಾಲ್ಕೂ ಒಂದೇ ದಿಕ್ಕು ತೋರಿಸಿದರೆ, ಆ ದಿಕ್ಕು ಸರಿಯಾಗಿರುವ ಸಂಭವ ನೂರಕ್ಕೆ 69ರಷ್ಟಾಗುತ್ತದೆ. ಆದರೆ ನಾಲ್ಕೂ ಒಂದರ ಪ್ರತಿಗಳಾಗಿದ್ದರೆ ಅದು 55ರಲ್ಲೇ ನಿಲ್ಲುತ್ತದೆ. ಪೂರ್ತಿ ಪ್ರತಿಗಳಲ್ಲ, ನಡುವಿನ ಪರಸ್ಪರ ಸಂಬಂಧ ಸರಾಸರಿ 0.8 ಎಂದುಕೊಂಡರೂ, ನಾಲ್ಕರ ಸರಾಸರಿ ತೆಗೆಯುವುದರಿಂದ ಗದ್ದಲ ಎಷ್ಟು ಕಡಿಮೆಯಾಗುತ್ತದೋ ಅದು ಸುಮಾರು 1.2 ಸ್ವತಂತ್ರ ಸೂಚಕಗಳಿಂದ ಆಗುವಷ್ಟೇ. ಪರದೆಯ ಮುಂದೆ ಕುಳಿತವನಿಗೆ ಮಾತ್ರ ನಾಲ್ಕು ಹಸಿರು ಬಾಣ ಕಂಡಾಗ 69ರ ಧೈರ್ಯ ಬರುತ್ತದೆ. ಆ ಧೈರ್ಯದಲ್ಲಿ ಅವನು ಎರಡು ಲಾಟ್ ಬದಲು ನಾಲ್ಕು ಲಾಟ್ ಕೊಳ್ಳುತ್ತಾನೆ, ಸ್ಟಾಪ್‌ಲಾಸ್ ಅನ್ನು ಸ್ವಲ್ಪ ದೂರ ಸರಿಸುತ್ತಾನೆ. ಅಂದರೆ 55ರ ಪಂದ್ಯಕ್ಕೆ 69ರ ಪಣ. ಮನಸ್ಸಿನ ಈ ಸ್ವಭಾವ ಮನೋವಿಜ್ಞಾನಿಗಳಿಗೆ ಹೊಸದೇನಲ್ಲ. ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್ಸ್ಕಿ 1973ರ ಪ್ರಬಂಧವೊಂದರಲ್ಲೇ ಇದನ್ನು ಗುರುತಿಸಿದ್ದರು: ಒಂದೇ ವಿಷಯವನ್ನು ಮತ್ತೆ ಮತ್ತೆ ಹೇಳುವ ಮಾಹಿತಿಗಳು ಪರಸ್ಪರ ಹೊಂದಿಕೊಂಡು ಕಾಣುವುದರಿಂದ ಮುನ್ಸೂಚನೆಯ ಮೇಲಿನ ವಿಶ್ವಾಸ ಬೆಳೆಯುತ್ತದೆ, ಆದರೆ ನಿಖರತೆಗೆ ಬೇಕಾದದ್ದು ಒಂದಕ್ಕೊಂದು ಸ್ವತಂತ್ರವಾದ ಮಾಹಿತಿ. ಅದೇ ಕಾಲದಲ್ಲಿ ಪಾಲ್ ಸ್ಲೋವಿಕ್ ಅನುಭವಿ ಕುದುರೆ ಜೂಜಿನ ಪರಿಣತರಿಗೆ ಮೊದಲು ಐದು, ಆಮೇಲೆ ಹೆಚ್ಚಿಸುತ್ತಾ ನಲವತ್ತು ಮಾಹಿತಿಗಳವರೆಗೆ ಕೊಟ್ಟು ಗೆಲ್ಲುವ ಕುದುರೆಯನ್ನು ಊಹಿಸಲು ಹೇಳಿದರು. ಅವರ ಊಹೆಯ ನಿಖರತೆ ಇದ್ದಲ್ಲೇ ಇತ್ತು, ವಿಶ್ವಾಸ ಮಾತ್ರ ಏರುತ್ತಲೇ ಹೋಯಿತು. ಆ ಪರಿಣತರಿಗೆ ಕೊಟ್ಟದ್ದು ಭಿನ್ನ ಭಿನ್ನ ಮಾಹಿತಿಯಾದರೂ ಆಗಿತ್ತು. ನಮ್ಮ ಟ್ರೇಡರ್ ಸೇರಿಸಿಕೊಳ್ಳುತ್ತಿರುವುದು ಅದನ್ನೂ ಅಲ್ಲ.

ಒಂದೇ ಮೂಲದಿಂದ ಬಂದವು ತಪ್ಪುವಾಗಲೂ ಒಟ್ಟಿಗೇ ತಪ್ಪುತ್ತವೆ. 2020ರ ಅಕ್ಟೋಬರ್ ಕೊನೆಯಲ್ಲಿ 11,600ರ ಆಸುಪಾಸಿನಲ್ಲಿದ್ದ ನಿಫ್ಟಿ ಡಿಸೆಂಬರ್ ಕೊನೆಗೆ 14,000ದ ಅಂಚಿಗೆ ಬಂದಿತ್ತು. ಎರಡು ತಿಂಗಳಲ್ಲಿ ಶೇಕಡ 20ರಷ್ಟು ಏರಿಕೆ, ಅದೂ ನಡುವೆ ದೊಡ್ಡ ವಿರಾಮವಿಲ್ಲದೆ. ಇಂಥ ಏರಿಕೆಯಲ್ಲಿ ಬೆಲೆ ಸದಾ ತನ್ನ ವ್ಯಾಪ್ತಿಯ ನೆತ್ತಿಯ ಹತ್ತಿರವೇ ಇರುತ್ತದೆ, ಆದ್ದರಿಂದ ಸ್ಟೊಕ್ಯಾಸ್ಟಿಕ್ 80ರ ಮೇಲೆ ದಿನಗಟ್ಟಲೆ ಅಂಟಿಕೊಳ್ಳುತ್ತದೆ, ವಿಲಿಯಮ್ಸ್ ಅದರ ಹಿಂದೆಯೇ ಇರುತ್ತದೆ. ಏರಿದ ದಿನಗಳೇ ಹೆಚ್ಚಿರುವುದರಿಂದ ಆರ್‌ಎಸ್‌ಐ 70ರ ಬಳಿ ಸುಳಿದಾಡುತ್ತದೆ. 'ಮೂರೂ ಓವರ್‌ಬಾಟ್ ಎನ್ನುತ್ತಿವೆ' ಎಂದು ಮಾರಿದವನಿಗೆ ಆ ಮೂರರಲ್ಲಿ ಎರಡನೆಯದೂ ಮೂರನೆಯದೂ ಯಾವ ರಕ್ಷಣೆಯನ್ನೂ ಕೊಡಲಿಲ್ಲ. ಕೊಡುವುದು ಸಾಧ್ಯವೂ ಇರಲಿಲ್ಲ. ದೃಢವಾದ ಏರಿಕೆಯಲ್ಲಿ ಓವರ್‌ಬಾಟ್ ಎಂಬ ಓದು ಕೆಲಸ ಮಾಡದಿರುವುದು ಈ ಇಡೀ ಕುಟುಂಬದ ಗುಣ, ಒಂದು ಸೂತ್ರದ ದೋಷವಲ್ಲ. ಆ ಹೊತ್ತಿನಲ್ಲಿ ಕೇಳಬೇಕಿದ್ದ ಪ್ರಶ್ನೆ ಮಾರುಕಟ್ಟೆ ಒಂದು ದಿಕ್ಕಿನಲ್ಲಿ ಸಾಗುತ್ತಿದೆಯೋ ಅಥವಾ ಒಂದು ವ್ಯಾಪ್ತಿಯೊಳಗೆ ತೂಗಾಡುತ್ತಿದೆಯೋ ಎಂಬುದು. ಅದನ್ನು ಕೇಳುವ ಗೆರೆ ಆ ಪರದೆಯ ಮೇಲೆ ಇರಲೇ ಇಲ್ಲ, ಇದ್ದ ಜಾಗವನ್ನೆಲ್ಲ ಒಂದೇ ಪ್ರಶ್ನೆಗೆ ಕೊಟ್ಟಾಗಿತ್ತು.

ಸೂಚಕಗಳು ಒಪ್ಪಿದಾಗ ಹೀಗಾದರೆ, ಒಪ್ಪದಿದ್ದಾಗ ಇನ್ನೊಂದು ಬಗೆಯ ತೊಂದರೆ. ಸ್ಟೊಕ್ಯಾಸ್ಟಿಕ್ ಕೆಳಗಿಳಿಯಿತು, ಆರ್‌ಎಸ್‌ಐ ಇನ್ನೂ ಮೇಲಿದೆ, ಎಂಎಸಿಡಿ ಈಗಷ್ಟೇ ಮೇಲಕ್ಕೆ ದಾಟುತ್ತಿದೆ. ಈ ಭಿನ್ನಾಭಿಪ್ರಾಯವನ್ನು ಮಾರುಕಟ್ಟೆಯೊಳಗಿನ ಸೆಳೆದಾಟ ಎಂದು ಓದುವವರೇ ಹೆಚ್ಚು. ಹೆಚ್ಚಿನ ಸಲ ಅದಕ್ಕೆ ಕಾರಣ ಬೇಗ ಓಡುವ ಸೂತ್ರ ಮತ್ತು ನಿಧಾನವಾಗಿ ಓಡುವ ಸೂತ್ರದ ನಡುವಿನ ಕಾಲದ ಅಂತರ. ಎರಡು ದಿನ ಬೆಲೆ ಇಳಿದರೆ ಸ್ಟೊಕ್ಯಾಸ್ಟಿಕ್‌ಗೆ ತಕ್ಷಣ ತಿಳಿಯುತ್ತದೆ, ಇವತ್ತಿಗೆ ಸಣ್ಣ ತೂಕ ಕೊಡುವ ಎಂಎಸಿಡಿಗೆ ಒಂದು ವಾರ ಬೇಕಾಗಬಹುದು. ಇಲ್ಲಿ ಕುಳಿತವನು ಪರದೆ ನೋಡುತ್ತಾ ಅರ್ಥ ಹುಡುಕುತ್ತಾನೆ, ಇಷ್ಟವಾದ ಅರ್ಥ ಸಿಕ್ಕೇ ಸಿಗುತ್ತದೆ. ಕೊಳ್ಳುವಾಗ ನಾಲ್ಕೂ ಒಪ್ಪಬೇಕು ಎಂದು ಕಟ್ಟುನಿಟ್ಟಾಗಿದ್ದವನೇ, ಕೊಂಡ ಷೇರು ನಷ್ಟಕ್ಕೆ ಬಿದ್ದಾಗ 'ಎಂಎಸಿಡಿ ಇನ್ನೂ ಮುರಿದಿಲ್ಲವಲ್ಲ' ಎಂದು ಒಂದನ್ನು ಹಿಡಿದು ಕೂರುತ್ತಾನೆ. ಗೆರೆಗಳು ಹೆಚ್ಚಿದ್ದಷ್ಟೂ ಇಂಥ ನೆಪಗಳಿಗೆ ದಾರಿ ಹೆಚ್ಚು. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟುವಾದದ್ದೇ: ಪರದೆಯ ಮೇಲಿನ ಐದನೆಯ ಸೂಚಕ ಬಹುತೇಕ ವಿಶ್ಲೇಷಣೆಗಾಗಿ ಬಂದಿರುವುದಿಲ್ಲ, ನಿರ್ಧಾರವನ್ನು ಮುಂದೂಡುವುದಕ್ಕಾಗಿ ಬಂದಿರುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ನಾಲ್ಕೂ ಒಪ್ಪುವವರೆಗೆ ಕಾಯುವುದರಿಂದ ಸುಳ್ಳು ಸಂಕೇತಗಳು ಕಡಿಮೆಯಾಗುತ್ತವೆ, ಅದನ್ನು ಹಳೆಯ ಚಾರ್ಟ್‌ಗಳಲ್ಲಿ ಯಾರು ಬೇಕಾದರೂ ನೋಡಬಹುದು ಎನ್ನುತ್ತಾರೆ. ಕಡಿಮೆಯಾಗುವುದು ನಿಜ. ಆದರೆ ಕಡಿಮೆಯಾಗುವುದು ಎಲ್ಲ ಸಂಕೇತಗಳೂ, ಸುಳ್ಳಿನ ಜೊತೆಗೆ ನಿಜವಾದವೂ. ಆರ್‌ಎಸ್‌ಐ ಒಂದನ್ನೇ ಇಟ್ಟುಕೊಂಡು ಗಡಿಯನ್ನು 70ರಿಂದ 75ಕ್ಕೆ ಏರಿಸಿದರೂ ಸಂಕೇತಗಳು ಅದೇ ರೀತಿ ಕಡಿಮೆಯಾಗುತ್ತವೆ. ಆದ್ದರಿಂದ ನಾಲ್ಕನ್ನು ಕೂಡಿಸಿದ ನಿಯಮವನ್ನು ಹೋಲಿಸಬೇಕಾದದ್ದು ಒಂದರ ಸಡಿಲ ಗಡಿಯ ಜೊತೆಗಲ್ಲ, ಅಷ್ಟೇ ಸಂಖ್ಯೆಯ ವಹಿವಾಟು ಕೊಡುವಂತೆ ಬಿಗಿಗೊಳಿಸಿದ ಒಂದೇ ಸೂಚಕದ ಜೊತೆಗೆ. ಇನ್ನೂ ಒಂದು ಮಾತಿದೆ. ಎಲ್ಲವೂ ಒಪ್ಪಬೇಕೆಂದರೆ ಕೊನೆಗೆ ಬರುವವನ ಸಹಿಗಾಗಿ ಕಾಯಬೇಕು. ಕೊನೆಗೆ ಬರುವುದು ಯಾವಾಗಲೂ ಎಂಎಸಿಡಿಯೇ ಆಗಿದ್ದರೆ, ಪ್ರವೇಶದ ದಿನವನ್ನು ತೀರ್ಮಾನಿಸುತ್ತಿರುವುದು ಅದೊಂದೇ. ಉಳಿದ ಮೂರು ಸುಮ್ಮನೆ ಹಾಜರಿ ಹಾಕಿವೆ.

ಸೂತ್ರಗಳು ಪೂರ್ತಿ ಒಂದೇ ಅಲ್ಲವಲ್ಲ ಎಂಬುದು ಎರಡನೆಯ ಆಕ್ಷೇಪ. ವಿಲಿಯಮ್ಸ್ ಮತ್ತು ಸ್ಟೊಕ್ಯಾಸ್ಟಿಕ್ ಜೋಡಿಯನ್ನು ಬಿಟ್ಟರೆ ಅದು ನಿಜ. ಸ್ಟೊಕ್ಯಾಸ್ಟಿಕ್‌ಗೆ ದಿನದ ಎತ್ತರ ಮತ್ತು ತಳ ಗೊತ್ತು, ಆರ್‌ಎಸ್‌ಐಗೆ ದಿನದ ಮುಕ್ತಾಯ ಬೆಲೆ ಮಾತ್ರ ಗೊತ್ತು, ಆದರೆ ನಡೆದ ದಾರಿ ಎಷ್ಟು ಅಂಕುಡೊಂಕು ಎಂಬುದು ಅದಕ್ಕೇ ಗೊತ್ತು. ಈ ಸಣ್ಣ ವ್ಯತ್ಯಾಸದಲ್ಲೇ ತನ್ನ ಲಾಭ ಇದೆ ಎಂದು ತಿಳಿದವನು ಎರಡನ್ನೂ ಇಟ್ಟುಕೊಳ್ಳಲಿ, ಆದರೆ ಆಗ ಅವನು ನೋಡಬೇಕಾದದ್ದು ಅವೆರಡರ ಒಮ್ಮತವನ್ನಲ್ಲ, ಅವು ಬೇರೆಯಾಗುವ ದಿನಗಳನ್ನು. ರೂಢಿಯಲ್ಲಿ ನಡೆಯುವುದು ಇದರ ತಿರುವುಮುರುವು. ಹಾಗೆಯೇ ಒಂದೇ ಸೂಚಕವನ್ನು ದಿನದ ಚಾರ್ಟ್‌ನಲ್ಲೂ ವಾರದ ಚಾರ್ಟ್‌ನಲ್ಲೂ ನೋಡುವುದಕ್ಕೆ ಅರ್ಥವಿದೆ. ಹದಿನಾಲ್ಕು ದಿನ ಮತ್ತು ಹದಿನಾಲ್ಕು ವಾರ ಬೇರೆ ಬೇರೆ ಕಾಲದ ಕಥೆಗಳು. ದೊಡ್ಡ ಫಂಡ್‌ಗಳ ಗಣಕ ಮಾದರಿಗಳು ನೂರಾರು ಇಂಥ ಅಂಶಗಳನ್ನು ಒಟ್ಟಿಗೆ ಬಳಸುತ್ತವಲ್ಲ ಎಂದೂ ಕೇಳುವವರಿದ್ದಾರೆ. ಬಳಸುತ್ತವೆ, ಆದರೆ ಅಲ್ಲಿ ಪರಸ್ಪರ ಸಂಬಂಧವನ್ನು ಅಳೆದು, ಒಂದೇ ಮಾತು ಹೇಳುವ ಹತ್ತು ಅಂಶಗಳ ತೂಕವನ್ನು ಹತ್ತರ ನಡುವೆ ಹಂಚುವ ಲೆಕ್ಕವೇ ಮೊದಲ ಕೆಲಸ. ಕಣ್ಣಿನಿಂದ ನಾಲ್ಕು ಗೆರೆ ನೋಡುವವನು ನಾಲ್ಕಕ್ಕೂ ಪೂರ್ತಿ ತೂಕ ಕೊಡುತ್ತಾನೆ.

ಹಾಗಾದರೆ ಎರಡನೆಯ ಗೆರೆಗೆ ಯಾವುದು ಅರ್ಹ? ತನ್ನ ಹೆಸರಿನ ಬ್ಯಾಂಡ್‌ಗಳಿಂದ ಪ್ರಸಿದ್ಧರಾದ ಜಾನ್ ಬೋಲಿಂಜರ್ ಬಳಕೆದಾರರಿಗೆ ಕೊಟ್ಟ ನಿಯಮಗಳಲ್ಲೇ, ಒಂದಕ್ಕಿಂತ ಹೆಚ್ಚು ಸೂಚಕ ಬಳಸುವುದಾದರೆ ಅವು ಪರಸ್ಪರ ನೇರ ಸಂಬಂಧದವು ಆಗಿರಬಾರದು ಎಂದಿದೆ. ಅದನ್ನು ಪಾಲಿಸುವ ಸುಲಭ ದಾರಿ, ಸೂಚಕದ ಹೆಸರು ಬಿಟ್ಟು ಅದರೊಳಗೆ ಹೋಗುವ ಅಂಕಿಅಂಶ ಯಾವುದೆಂದು ಕೇಳುವುದು. ವಹಿವಾಟಾದ ಷೇರುಗಳ ಪ್ರಮಾಣ ಬೆಲೆಯಿಂದ ಬಂದ ಸಂಖ್ಯೆಯಲ್ಲ. ಎನ್‌ಎಸ್‌ಇ ಪ್ರತಿದಿನ ಪ್ರಕಟಿಸುವ ಡೆಲಿವರಿ ಶೇಕಡಾವಾರೂ ಅಷ್ಟೇ, ಅವತ್ತು ಕೈಬದಲಾದ ಷೇರುಗಳಲ್ಲಿ ಎಷ್ಟು ನಿಜವಾಗಿ ಡಿಮ್ಯಾಟ್ ಖಾತೆಗೆ ಹೋಗಲಿವೆ ಎಂಬುದನ್ನು ಯಾವ ಆರ್‌ಎಸ್‌ಐಯಿಂದಲೂ ಊಹಿಸಲಾಗದು. ಆಪ್ಷನ್ ಬೆಲೆಗಳಿಂದ ಲೆಕ್ಕ ಹಾಕುವ ಇಂಡಿಯಾ ವಿಐಎಕ್ಸ್ ಮುಂದಿನ 30 ದಿನಗಳ ಏರಿಳಿತದ ನಿರೀಕ್ಷೆಯನ್ನು ಹೇಳುತ್ತದೆ. ಇಲ್ಲಿಯೂ ಎಚ್ಚರ ಬೇಕು: ಮನಿ ಫ್ಲೋ ಇಂಡೆಕ್ಸ್ ಎಂಬುದು ಪ್ರಮಾಣವನ್ನು ಬಳಸುತ್ತದೆ ಎಂದು ಹೊಸದಾಗಿ ಕಂಡರೂ, ಅದು ಆರ್‌ಎಸ್‌ಐಯ ಚೌಕಟ್ಟಿಗೇ ಪ್ರಮಾಣದ ತೂಕ ಹಾಕಿದ್ದು. ಅದನ್ನು ಅರ್ಧ ನೆಂಟನೆಂದೇ ಎಣಿಸಬೇಕು.

ನನ್ನ ಮಾತನ್ನು ನಂಬಬೇಕಿಲ್ಲ, ಒಂದು ಸ್ಪ್ರೆಡ್‌ಶೀಟ್ ಸಾಕು. ತಮ್ಮ ಷೇರಿನ ಒಂದು ವರ್ಷದ, ಅಂದರೆ ಸುಮಾರು 250 ವಹಿವಾಟು ದಿನಗಳ ಬೆಲೆಗಳನ್ನು ಇಳಿಸಿಕೊಂಡು, B ಕಾಲಮ್‌ನಲ್ಲಿ ಆರ್‌ಎಸ್‌ಐ, ಪಕ್ಕದ C ಕಾಲಮ್‌ನಲ್ಲಿ ಸ್ಟೊಕ್ಯಾಸ್ಟಿಕ್ ಲೆಕ್ಕ ಹಾಕಿ, ಕೆಳಗೆ ಈ ಒಂದು ಸಾಲು ಬರೆದರೆ ಅವೆರಡರ ನಡುವಿನ ಸಂಬಂಧ ಸಂಖ್ಯೆಯಾಗಿ ಸಿಗುತ್ತದೆ:

```
=CORREL(B2:B251,C2:C251)
```

ಒಂದಕ್ಕೆ ಹತ್ತಿರವಾದಷ್ಟೂ ಪುನರಾವರ್ತನೆ ಹೆಚ್ಚು. ಸ್ಟೊಕ್ಯಾಸ್ಟಿಕ್ ಜಾಗದಲ್ಲಿ ಪ್ರಮಾಣ ಅಥವಾ ಡೆಲಿವರಿ ಶೇಕಡಾವಾರನ್ನು ಇಟ್ಟು ಮತ್ತೊಮ್ಮೆ ನೋಡಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ. ಆದರೂ ಈ ಸಂಖ್ಯೆಗಿಂತ ನಿರ್ಣಾಯಕವಾದ ಪರೀಕ್ಷೆ ಇನ್ನೊಂದಿದೆ. ಆ 250 ದಿನಗಳಿಗೆ ತಮ್ಮ ನಿಯಮವನ್ನು ನಾಲ್ಕು ಸೂಚಕಗಳೊಂದಿಗೆ ಒಮ್ಮೆ ಅನ್ವಯಿಸಿ ಕೊಳ್ಳುವ ಮತ್ತು ಮಾರುವ ದಿನಗಳನ್ನು ಗುರುತು ಮಾಡುವುದು, ಆಮೇಲೆ ಒಂದು ಸೂಚಕವನ್ನು ತೆಗೆದು ಅದೇ ಕೆಲಸ ಮತ್ತೆ ಮಾಡುವುದು. ಎಷ್ಟು ದಿನಗಳಲ್ಲಿ ನಿರ್ಧಾರ ಬದಲಾಯಿತು ಎಂದು ಎಣಿಸಿದರೆ ಆ ಸೂಚಕ ನಿಜಕ್ಕೂ ಎಷ್ಟು ಕೆಲಸ ಮಾಡುತ್ತಿತ್ತು ಎಂಬುದು ಗೊತ್ತಾಗುತ್ತದೆ. ಒಂದು ದಿನವೂ ಬದಲಾಗದಿದ್ದರೆ ಅದನ್ನು ಅಳಿಸಲು ಯೋಚಿಸಬೇಕಾಗಿಲ್ಲ. ಏಳೆಂಟು ದಿನ ಬದಲಾದರೆ, ಆ ಏಳೆಂಟರಲ್ಲಿ ಲಾಭ ತಂದದ್ದೆಷ್ಟು ಎಂದು ನೋಡಬಹುದು. ಐದರಲ್ಲಿ ಲಾಭ, ಮೂರರಲ್ಲಿ ನಷ್ಟ ಎಂದು ಬಂದರೆ ಸೂಚಕ ಗೆದ್ದಿತು ಎಂದುಕೊಳ್ಳುವ ಆಸೆ ಹುಟ್ಟುತ್ತದೆ, ಆದರೆ ನಾಣ್ಯವನ್ನು ಎಂಟು ಸಲ ಚಿಮ್ಮಿದರೂ ಐದು ಅಥವಾ ಅದಕ್ಕಿಂತ ಹೆಚ್ಚು ಸಲ ರಾಜ ಬೀಳುವ ಸಂಭವ ನೂರಕ್ಕೆ 36ರಷ್ಟಿದೆ.